ನಾಲ್ಕು ಆರಾದರೆ ಹತ್ತು ಎಷ್ಟು?

ಆ ಶಾಲೆಯ ಮಕ್ಕಳು ಗಣಿತದ ಟೀಚರಿಗೆ ಇಟ್ಟ ಅಡ್ಡಹೆಸರು ಯಾಕಮ್ಮ. ಉತ್ತರ ತಪ್ಪಾದರೂ ಅವರು ‘ಯಾಕೆ?’ ಎನ್ನುತ್ತಿದ್ದರು, ಸರಿಯಾದರೂ ‘ಯಾಕೆ?’ ಎನ್ನುತ್ತಿದ್ದರು. ಸರಿ ಹೇಳಿ ಬಚಾವಾದೆ ಎಂದು ಕೂರಲು ಹೊರಟ ಹುಡುಗ ಮತ್ತೆ ಎದ್ದು ನಿಲ್ಲಬೇಕಾಗುತ್ತಿತ್ತು. ಈ ಹೆಸರು ಅವರ ಕಿವಿಗೂ ಬಿದ್ದಿತ್ತು. ಮನೆಯಲ್ಲಿ ಗಂಡನಿಗೆ ಹೇಳಿ ನಕ್ಕಿದ್ದರು. ಆತ ಶಾಲೆಯ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ‘ಮನೇಲಿ ನಾನು ಕರೆಯೋಕೆ ಹೆದರ್ತಿದ್ದೆ, ಮಕ್ಕಳು ಧೈರ್ಯಸ್ಥರು’ ಎಂದು ಅವನೂ ನಕ್ಕಿದ್ದ.

ಅಂಥ ಯಾಕಮ್ಮನಿಗೆ ಒಂದು ಮಧ್ಯಾಹ್ನ ಒಬ್ಬ ತಾಯಿ ಕೇಳಿದ ಪ್ರಶ್ನೆಗೆ ಉತ್ತರ ತೋಚಲಿಲ್ಲ.

ಆ ತಾಯಿ ಕಟ್ಟಡ ಕಟ್ಟುವ ಜಾಗದಲ್ಲಿ ಕ್ರೇನು ನಡೆಸುವವಳು. ಕೆಲಸದ ನಡುವೆ ಅರ್ಧ ದಿನ ರಜೆ ಕೇಳಿಕೊಂಡು ಬಂದಿದ್ದಳು. ಅವಳ ಮಗಳು ಹತ್ತನೇ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಪುಟ್ಟ ಹುಡುಗಿ, ಎಲ್ಲರ ಬಾಯಲ್ಲೂ ಗುಬ್ಬಿ. ಶಾಲೆಯಲ್ಲಿ ಗಣಿತಕ್ಕೆ ಎರಡು ದಾರಿ ಇದ್ದವು: ಪೂರ್ತಿ ಗಣಿತ ಒಂದು, ಸುಲಭ ಗಣಿತ ಇನ್ನೊಂದು. ಸುಲಭದ್ದು ತೆಗೆದುಕೊಂಡರೆ ಪಾಸಾಗುವುದು ಸಲೀಸು. ಆದರೆ ಮುಂದೆ ವಿಜ್ಞಾನ, ಡಿಪ್ಲೊಮಾ ಯಾವುದಕ್ಕೂ ಸೇರಿಸಿಕೊಳ್ಳುವುದಿಲ್ಲ. ಪ್ರತಿ ವರ್ಷ ತ್ರಿಕೋನಮಿತಿ ಪಾಠ ಬಂದಾಗ ತರಗತಿಯ ಮೂರನೇ ಒಂದು ಭಾಗ ಮುಳುಗಿ, ಪರೀಕ್ಷೆಯ ಹೊತ್ತಿಗೆ ಅಳು, ಫೇಲು, ಮನೆಯವರ ಜಗಳ. ಅದನ್ನು ನೋಡಿ ನೋಡಿ ಬೇಸತ್ತ ಗಣಿತ ವಿಭಾಗದ ಹಿರಿಯ ಮೇಷ್ಟ್ರು ಈ ಸಲ, ಆ ಪಾಠ ಶುರುವಾಗುವ ಮೊದಲೇ ಹಿಂದುಳಿದ ಎಂಟು ಮಕ್ಕಳನ್ನು ಸುಲಭ ಗಣಿತಕ್ಕೆ ಕಳಿಸುವುದೆಂದು ತೀರ್ಮಾನಿಸಿದ್ದರು. ಎಂಟರಲ್ಲಿ ಗುಬ್ಬಿಯೂ ಒಬ್ಬಳು. ಅವಳಿಗೆ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯಬೇಕೆಂಬ ಆಸೆ. ಅದಕ್ಕೆ ಡಿಪ್ಲೊಮಾ ಬೇಕು, ಡಿಪ್ಲೊಮಾಕ್ಕೆ ಪೂರ್ತಿ ಗಣಿತ ಬೇಕು.

ತಾಯಿ ಜಗಳ ಆಡಲಿಲ್ಲ. ಸೆರಗಿನ ತುದಿಯಿಂದ ಮುಖದ ಬೆವರು ಒರೆಸಿಕೊಂಡು ಕೇಳಿದಳು: ‘ಅವಳಿಗೆ ಬರಲ್ಲ ಅಂತೀರಿ, ಒಪ್ಕೋತೀನಿ ಟೀಚರ್. ಆದ್ರೆ ಏನು ಬರಲ್ಲ ಅಂತ ಹೇಳಿ. ನಮ್ ಕ್ರೇನು ಕೆಟ್ಟರೆ ಮೆಕ್ಯಾನಿಕ್ಕು ಬಂದು, ಕ್ರೇನು ಸರಿಯಿಲ್ಲ ಅಂತ ಹೇಳಿ ಹೋಗಲ್ಲ. ಇಂಥದ್ದು ಸವೆದಿದೆ ಅಂತಾನೆ.’

ಅಂಕಗಳ ಪುಸ್ತಕದಲ್ಲಿ ಗುಬ್ಬಿಯ ಸಾಲು ಟೀಚರಿಗೆ ಬಾಯಿಪಾಠವಿತ್ತು. ಆದರೆ ಆ ಸಾಲಿನಲ್ಲಿ ಎಷ್ಟು ಬಂತು ಎಂಬುದಿತ್ತೇ ಹೊರತು ಏನು ಬಾರದು ಎಂಬುದಿರಲಿಲ್ಲ. ‘ಹುಡುಕಿ ಹೇಳ್ತೀನಮ್ಮ’ ಎಂದಷ್ಟೇ ಹೇಳಿ ಕಳಿಸಿದರು.

ಹಿರಿಯ ಮೇಷ್ಟ್ರು ಕೆಟ್ಟವರಲ್ಲ. ಕೂದಲು ನೆರೆತಿದ್ದರೂ ಬೋರ್ಡಿನ ಮೇಲೆ ಕೈಯಿಂದಲೇ ತಪ್ಪಿಲ್ಲದ ವೃತ್ತ ಬರೆಯುತ್ತಿದ್ದರು. ಮಕ್ಕಳು ಸೋತು ಅಳುವುದನ್ನು ನೋಡಲಾರದೆಯೇ ಅವರು ಈ ದಾರಿ ಹಿಡಿದಿದ್ದರು. ಟೀಚರು ಹೋಗಿ ಕೇಳಿಕೊಂಡಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತ್ರಿಕೋನಮಿತಿ ಶುರುವಾಗುವವರೆಗೆ ಸಮಯ ಕೊಡುತ್ತೇನೆ, ಅಷ್ಟರಲ್ಲಿ ಆ ಮಕ್ಕಳಿಗೆ ಇಂಥದ್ದೇ ಬಾರದು, ಅದನ್ನು ಸರಿಪಡಿಸಬಹುದು ಎಂದು ತೋರಿಸಿದರೆ ಉಳಿಸಿಕೊಳ್ಳೋಣ, ಬರೀ ಕನಿಕರದ ಮಾತಾದರೆ ಬೇಡ ಎಂದರು.

ಟೀಚರು ಅಂದು ಸಂಜೆಯೇ ಕೂತು ಒಂದು ಪರೀಕ್ಷೆ ತಯಾರಿಸಿದರು. ತರಬೇತಿಯಲ್ಲಿದ್ದಾಗ ಓದಿದ ನೈದಾನಿಕ ಪರೀಕ್ಷೆ ಎಂಬ ದೊಡ್ಡ ಹೆಸರು ನೆನಪಿತ್ತು. ರೋಗ ಎಲ್ಲಿದೆ ಎಂದು ಹುಡುಕುವ ಪರೀಕ್ಷೆ. ತ್ರಿಕೋನಮಿತಿಯ ಮೆಟ್ಟಿಲು ಹತ್ತುವ ಮುಂಚೆ ಮಗುವಿಗೆ ಏನೇನು ಗೊತ್ತಿರಬೇಕು ಎಂದು ಯೋಚಿಸಿದರು. ಲಂಬಕೋನ ತ್ರಿಭುಜ ಯಾವುದು, ಅದರ ವಿಕರ್ಣ, ಅಂದರೆ ಲಂಬಕೋನದ ಎದುರಿನ ಉದ್ದ ಬದಿ, ಯಾವುದು, ವರ್ಗ, ವರ್ಗಮೂಲ, ಭಿನ್ನರಾಶಿ, ಅನುಪಾತ, ಸಮರೂಪ ತ್ರಿಭುಜ, ಸಣ್ಣ ಸಮೀಕರಣ. ಪಠ್ಯಪುಸ್ತಕದ ಹಿಂದಿನ ಪಾಠಗಳಿಂದ ಒಳ್ಳೊಳ್ಳೆಯ ಪ್ರಶ್ನೆಗಳನ್ನು ಆರಿಸಿದರು. ಮಕ್ಕಳು ಲೆಕ್ಕದಲ್ಲಿ ತೊಡಕಿಕೊಳ್ಳಬಾರದೆಂದು ನಾಜೂಕಾದ, ಸರಿಯಾಗಿ ಭಾಗವಾಗುವ ಸಂಖ್ಯೆಗಳನ್ನೇ ಹಾಕಿದರು. ಗಂಡ ಪ್ರತಿ ತೆಗೆಯುತ್ತಾ ಒಂದು ಹಾಳೆ ಎತ್ತಿ ನೋಡಿ, ಇದರಲ್ಲಿ ನನ್ನ ಹೆಸರು ಬರೆಯೋದೊಂದು ಬಿಟ್ಟು ಬೇರೆ ಯಾವುದಕ್ಕೂ ಉತ್ತರ ಗೊತ್ತಿಲ್ಲ ಎಂದ.

ಮಕ್ಕಳು ಬರೆದರು. ತಿದ್ದಿ ನೋಡಿದರೆ ಎಂಟು ಮಕ್ಕಳ ಹಾಳೆಯಲ್ಲೂ ಏಣಿಯ ಪ್ರಶ್ನೆ ತಪ್ಪು. ಹತ್ತು ಅಡಿ ಏಣಿಯೊಂದು ಗೋಡೆಗೆ ಒರಗಿದೆ, ಅದರ ಬುಡ ಗೋಡೆಯಿಂದ ಆರು ಅಡಿ ದೂರ, ಹಾಗಾದರೆ ಅದು ಗೋಡೆಯನ್ನು ಎಷ್ಟು ಎತ್ತರದಲ್ಲಿ ಮುಟ್ಟುತ್ತದೆ ಎಂಬ ಪ್ರಶ್ನೆ ಅದು. ಉತ್ತರ ಎಂಟು. ‘ಇವರಿಗೆ ಏಣಿ ಬರಲ್ಲ’ ಎಂದು ಕ್ರೇನಿನ ತಾಯಿಗೆ ಹೇಳಿದರೆ ಅವಳು ಏನೆಂದಾಳು? ಟೀಚರಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹಾಳೆಗಳ ಮೇಲಿನ ಕೆಂಪು ಗೀಟುಗಳು ಮತ್ತೆ ಅದೇ ಅಂಕಗಳ ಪುಸ್ತಕದ ಮಾತನ್ನೇ ಹೇಳುತ್ತಿದ್ದವು.

ಅವರು ಮಾಡಿದ ಒಳ್ಳೆಯ ಕೆಲಸ ಮಾರನೆಯ ದಿನದ್ದು. ಊಟದ ಬಿಡುವಿನಲ್ಲಿ, ಆಟದ ಗಂಟೆಯಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಏಣಿಯ ಲೆಕ್ಕವನ್ನು ಗಟ್ಟಿಯಾಗಿ ಮಾತಾಡುತ್ತಾ ಮಾಡಿಸಿದರು. ತಿದ್ದಲಿಲ್ಲ. ತಲೆ ಅಲ್ಲಾಡಿಸಲಿಲ್ಲ. ಬರೀ ಕೇಳಿದರು.

ಒಬ್ಬ ಹತ್ತರಿಂದ ಆರು ಕಳೆದು ನಾಲ್ಕು ಎಂದ. ಇನ್ನೊಬ್ಬಳಿಗೆ ಏಣಿಯೇ ವಿಕರ್ಣ ಎಂಬುದು ಹೊಳೆಯದೆ ಎರಡೂ ವರ್ಗಗಳನ್ನು ಕೂಡಿಸಿ ನೂರ ಮೂವತ್ತಾರಕ್ಕೆ ಬಂದು ಸಿಕ್ಕಿಕೊಂಡಳು. ಇನ್ನೊಬ್ಬ ಎಂಟು ಎಂದು ಬರೆದು, ಇಷ್ಟು ಸುಲಭ ಇರಲಾರದು ಎಂದು ಅಳಿಸಿಬಿಟ್ಟಿದ್ದನಂತೆ. ಗುಬ್ಬಿ ಚಿತ್ರ ಸರಿಯಾಗಿ ಬರೆದಳು, ವಿಕರ್ಣ ಸರಿಯಾಗಿ ತೋರಿಸಿದಳು, ನೂರರಿಂದ ಮೂವತ್ತಾರು ಕಳೆದು ಅರವತ್ನಾಲ್ಕು ಎಂದಳು, ಆಮೇಲೆ ಅದರ ವರ್ಗಮೂಲ ಎಂದು ಅರ್ಧ ಮಾಡಿ ಮೂವತ್ತೆರಡು ಬರೆದಳು. ಹತ್ತು ಅಡಿ ಏಣಿ ಮೂವತ್ತೆರಡು ಅಡಿ ಮೇಲೆ ಹೋಗಿ ಗೋಡೆ ಮುಟ್ಟಿತಲ್ಲೇ ಎಂದು ಟೀಚರು ಕೇಳಿದಾಗ ಅವಳು ತನ್ನ ಚಿತ್ರವನ್ನೇ ನೋಡಿ, ‘ನಮ್ಮಮ್ಮನ ಕ್ರೇನಲ್ಲಿ ಎತ್ತಿರಬೇಕು ಮಿಸ್’ ಎಂದಳು.

ಎಂಟು ಮಕ್ಕಳು, ಒಂದೇ ಕೆಂಪು ಗೀಟು. ಗೀಟಿನ ಕೆಳಗೆ ಒಂದರಂತೆ ಒಂದಿಲ್ಲದ ದಾರಿಗಳು. ಆದರೆ ಟೀಚರಿಗೆ ನಿಜವಾಗಿ ಮೈ ಜುಮ್ಮೆಂದದ್ದು, ಎಂಟರಲ್ಲಿ ಒಬ್ಬನಲ್ಲದಿದ್ದರೂ ಇಣುಕಿ ನೋಡಿ ತಾನೂ ಆ ಲೆಕ್ಕ ಮಾಡಿದ ಮುಂದಿನ ಬೆಂಚಿನ ಹುಡುಗನ ಮಾತು ಕೇಳಿ. ಅವನ ಉತ್ತರ ಸರಿಯಾಗಿತ್ತು. ಆದರೂ ಅಭ್ಯಾಸಬಲದಿಂದ ‘ಯಾಕೆ?’ ಎಂದರು. ಅವನು ಹೇಳಿದ: ಹತ್ತರ ವರ್ಗ ಇಪ್ಪತ್ತು, ಆರರ ವರ್ಗ ಹನ್ನೆರಡು, ಕಳೆದರೆ ಎಂಟು. ವರ್ಗವೆಂದರೆ ಎರಡರಿಂದ ಗುಣಿಸುವುದು ಎಂದುಕೊಂಡಿದ್ದ. ವರ್ಗಮೂಲದ ಗೋಜಿಗೇ ಹೋಗಿರಲಿಲ್ಲ. ಎರಡು ತಪ್ಪು ಸೇರಿ ಸರಿಯುತ್ತರದ ಮನೆ ಬಾಗಿಲಿಗೇ ಬಂದು ನಿಂತಿದ್ದವು. ತಾವು ಪ್ರೀತಿಯಿಂದ ಆರಿಸಿ ಹಾಕಿದ ನಾಜೂಕು ಸಂಖ್ಯೆಗಳೇ ಆ ಬಾಗಿಲು ತೆರೆದಿದ್ದವು.

ಅಂದು ಅವರು ನೇರವಾಗಿ ಮನೆಗೆ ಬಂದರು. ಕೈಕಾಲು ತೊಳೆದು, ದಿನವೂ ಮಾಡುವಂತೆ ಗೋಡೆಯ ದೀಪದ ಮುಂದೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಂತರು. ಏನನ್ನೂ ಬೇಡಿಕೊಳ್ಳಲಿಲ್ಲ. ಇಷ್ಟು ವರ್ಷ ಅವರು ತಪ್ಪೆಂದರೆ ಖಾಲಿ ಜಾಗ, ಅಲ್ಲಿ ಏನೂ ಇಲ್ಲ ಎಂದುಕೊಂಡಿದ್ದರು. ಖಾಲಿ ಜಾಗ ಒಂದೂ ಇರಲಿಲ್ಲ. ಪ್ರತಿ ತಪ್ಪಿನಲ್ಲೂ ಯಾರೋ ಕೂತು ಯೋಚಿಸುತ್ತಿದ್ದರು.

ಗುಬ್ಬಿಗೆ ವರ್ಗಮೂಲ ಹೇಳಿಕೊಡಲು ಬಹಳ ಹೊತ್ತು ಹಿಡಿಯಲಿಲ್ಲ. ಒಂದೊಂದು ಬದಿಗೂ ಎಂಟು ಮನೆಗಳಿರುವ ದೊಡ್ಡ ಚೌಕವನ್ನು ಚೌಕುಳಿ ಹಾಳೆಯಲ್ಲಿ ಬರೆಸಿ, ಒಳಗಿನ ಪುಟ್ಟ ಚೌಕಗಳನ್ನು ಎಣಿಸಿದ ಮೇಲೆ, ಅರವತ್ನಾಲ್ಕರಿಂದ ಬದಿಗೆ ವಾಪಸು ಹೋಗುವುದೇ ವರ್ಗಮೂಲ ಎಂಬುದು ಅವಳಿಗೆ ಹಿಡಿಯಿತು. ಹಾಳೆಯ ಉಳಿದ ಪ್ರಶ್ನೆಗಳಲ್ಲಿ ಸಮರೂಪ ತ್ರಿಭುಜದ್ದೂ ಅವಳಿಗೆ ಸರಿಯಾಗಿತ್ತು: ಪಾದ ಮೂರು, ಎತ್ತರ ನಾಲ್ಕು ಇರುವ ತ್ರಿಭುಜ ದೊಡ್ಡದಾಗಿ ಪಾದ ಆರಾದರೆ ಎತ್ತರ ಎಂಟು. ಟೀಚರು ಖುಷಿಯಿಂದ ಅವಳನ್ನು ಕರೆದುಕೊಂಡು ಹಿರಿಯ ಮೇಷ್ಟ್ರ ಕೋಣೆಗೆ ಹೋದರು. ಇವಳಿಗೆ ಬಾರದ್ದು ವರ್ಗಮೂಲ ಒಂದೇ ಸರ್, ಈಗ ಬಂತು ಎಂದರು.

ಮೇಷ್ಟ್ರು ಹಾಳೆಯನ್ನು ನಿಧಾನವಾಗಿ ಓದಿದರು. ಆಮೇಲೆ ಗುಬ್ಬಿಯ ಕೈಗೆ ಸೀಮೆಸುಣ್ಣ ಕೊಟ್ಟು ಗೋಡೆಯ ಸಣ್ಣ ಬೋರ್ಡಿನಲ್ಲಿ ಎರಡು ಲಂಬಕೋನ ತ್ರಿಭುಜ ಬರೆಸಿದರು. ಎರಡೂ ಒಂದೇ ಆಕಾರ. ಚಿಕ್ಕದರ ಪಾದ ನಾಲ್ಕು, ಎತ್ತರ ಹತ್ತು. ದೊಡ್ಡದರ ಪಾದ ಆರು. ಎತ್ತರ?

‘ಹನ್ನೆರಡು ಸರ್’ ಎಂದಳು ಗುಬ್ಬಿ, ತಡವರಿಸದೆ.

ಉತ್ತರ ಹದಿನೈದು.

ಗುಬ್ಬಿಯನ್ನು ತರಗತಿಗೆ ಕಳಿಸಿದ ಮೇಲೆ ಮೇಷ್ಟ್ರು ಹೇಳಿದರು: ‘ನಿಮ್ಮ ಪ್ರಶ್ನೇಲಿ ಮೂರು ಆರಾಗಿತ್ತು. ಎರಡರಷ್ಟು ಮಾಡೋದು ಎಲ್ಲರಿಗೂ ಬರುತ್ತೆ ಟೀಚರ್. ಅದು ಅನುಪಾತ ಗೊತ್ತಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ತ್ರಿಕೋನಮಿತಿ ಪೂರ್ತಿ ನಿಂತಿರೋದೇ ಅನುಪಾತದ ಮೇಲೆ. ನೆಲವೇ ಇಲ್ಲದ ಕಡೆ ಆ ಮಗೂನ ಹೇಗೆ ನಿಲ್ಲಿಸ್ತೀರಿ?’

ಅವರ ಮಾತಿನಲ್ಲಿ ಗೆದ್ದ ಧ್ವನಿ ಇರಲಿಲ್ಲ, ಅದೇ ಟೀಚರಿಗೆ ಹೆಚ್ಚು ನೋವು ಮಾಡಿತು. ಆದರೂ ಹೊರಗೆ ಬಂದು ಮೆಟ್ಟಿಲ ಮೇಲೆ ಇನ್ನೂ ಕಾಯುತ್ತಿದ್ದ ಗುಬ್ಬಿಯನ್ನು ನಿಲ್ಲಿಸಿ ಕೇಳಿದರು. ಯಾಕೆ ಹನ್ನೆರಡು?

ಗುಬ್ಬಿ ಇಷ್ಟು ಸುಲಭದ್ದನ್ನು ಕೇಳುತ್ತಾರಲ್ಲ ಎಂಬಂತೆ ನೋಡಿದಳು. ‘ನಾಕು ಆರಾಯ್ತಲ್ಲ ಮಿಸ್, ಎರಡು ಜಾಸ್ತಿ ಆಯ್ತು. ಇದಕ್ಕೆ ಎರಡು ಕೊಟ್ಟ ಮೇಲೆ ಅದಕ್ಕೂ ಎರಡೇ ಕೊಡಬೇಕು. ಒಂದಕ್ಕೆ ಜಾಸ್ತಿ ಒಂದಕ್ಕೆ ಕಮ್ಮಿ ಕೊಟ್ರೆ ಆಕಾರ ಸೊಟ್ಟ ಆಗಲ್ವಾ?’

ಟೀಚರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಗು ನ್ಯಾಯ ಮಾಡಿತ್ತು. ಲೆಕ್ಕ ತಪ್ಪಿರಬಹುದು, ಆದರೆ ಎರಡೂ ಬದಿಗೆ ಭೇದ ಮಾಡಬಾರದು ಎಂಬ ಒಂದು ದೊಡ್ಡ ಯೋಚನೆ ಆ ಪುಟ್ಟ ತಲೆಯಲ್ಲಿ ಯಾರೂ ಕಲಿಸದೆ ಹುಟ್ಟಿತ್ತು. ಎಷ್ಟೋ ವರ್ಷ ಅದು ಅಲ್ಲೇ ಇದ್ದರೂ ಯಾರ ಪ್ರಶ್ನೆಯೂ ಅದನ್ನು ಮುಟ್ಟಿರಲಿಲ್ಲ.

ಎರಡನೆಯ ಪರೀಕ್ಷೆಯನ್ನು ಅವರು ಬೇರೆ ರೀತಿಯಲ್ಲಿ ಕಟ್ಟಿದರು. ಒಂದು ಪ್ರಶ್ನೆಗೆ ಒಂದೇ ಕೆಲಸ. ಏಣಿಯನ್ನು ಬಿಡಿಸಿ ಹಾಕಿದರು: ವಿಕರ್ಣ ತೋರಿಸುವುದು ಬೇರೆ, ವರ್ಗ ಬೇರೆ, ವರ್ಗಮೂಲ ಬೇರೆ. ಯಾವುದು ತಪ್ಪಿದರೂ ಎಲ್ಲಿ ತಪ್ಪಿತು ಎಂದು ತಿಳಿಯುವಂತೆ. ಪ್ರತಿಯೊಂದಕ್ಕೂ ಜೋಡಿ ಪ್ರಶ್ನೆ ಇಟ್ಟರು. ಕೈತಪ್ಪಿನಿಂದ ಒಂದು ಹೋದರೆ ಅದು ಬರೀ ಕೈತಪ್ಪು, ಎರಡೂ ಹೋದರೆ ಅಲ್ಲಿ ನೋಡಬೇಕು. ತ್ರಿಭುಜಗಳನ್ನು ಓರೆಯಾಗಿ, ತಲೆಕೆಳಗಾಗಿ ಬರೆದರು. ಏಕೆಂದರೆ ಓರೆಯಾಗಿರುವ ಗೆರೆಯೇ ವಿಕರ್ಣ ಎಂದು ಕಣ್ಣಳತೆಯಲ್ಲಿ ಹೇಳುವವರು ಇದ್ದರು. ಲಂಬಕೋನದ ಎದುರಿನ ಬದಿ ಎಂದು ತಿಳಿದವರಿಗೆ ಚಿತ್ರ ಹೇಗೆ ತಿರುಗಿದರೂ ತೊಂದರೆಯಿಲ್ಲ.

ಉತ್ತರಗಳನ್ನು ಆರಿಸಲು ಕೊಟ್ಟರು. ಆದರೆ ತಪ್ಪು ಉತ್ತರಗಳನ್ನು ಬಾಯಿಗೆ ಬಂದಂತೆ ಹಾಕಲಿಲ್ಲ. ಪಕ್ಕದಲ್ಲಿ ಕೂತು ಮಕ್ಕಳು ಆಡಿದ ಮಾತುಗಳಿಂದಲೇ ಒಂದೊಂದು ತಪ್ಪನ್ನೂ ತೆಗೆದುಕೊಂಡರು. ಅರವತ್ನಾಲ್ಕರ ಬದಲು ನಲವತ್ತೊಂಬತ್ತರ ವರ್ಗಮೂಲ ಕೇಳಿ, ಏಳರ ಪಕ್ಕ ಅರ್ಧ ಮಾಡುವವರಿಗಾಗಿ ಇಪ್ಪತ್ನಾಲ್ಕೂವರೆ ಇಟ್ಟರು. ಹನ್ನೆರಡನ್ನು ಯಾವುದರಿಂದ ಭಾಗಿಸಿದರೆ ಮುಕ್ಕಾಲು ಬರುತ್ತದೆ ಎಂಬ ಪ್ರಶ್ನೆಗೆ ಸರಿಯುತ್ತರ ಹದಿನಾರು. ಪಕ್ಕದಲ್ಲಿ, ಅಜ್ಞಾತ, ಅಂದರೆ ಹುಡುಕಬೇಕಾದ ಸಂಖ್ಯೆ, ಗೆರೆಯ ಕೆಳಗಿದ್ದಾಗ ಗಾಬರಿಯಾಗಿ ಸುಮ್ಮನೆ ಗುಣಿಸಿಬಿಡುವವರಿಗೆ ಒಂಬತ್ತು. ಅನುಪಾತಕ್ಕೆ ಎರಡರಷ್ಟು, ಮೂರರಷ್ಟು ಆಗುವ ಸಂಖ್ಯೆಗಳನ್ನು ದೂರ ಇಟ್ಟರು. ಆರು ಮತ್ತು ಒಂಬತ್ತು ಇದ್ದದ್ದು ಆರು ಎಂಟಾದರೆ ಒಂಬತ್ತು ಎಷ್ಟು? ಗುಣಿಸಿ ಯೋಚಿಸುವವರಿಗೆ ಹನ್ನೆರಡು. ಗುಬ್ಬಿಯ ನ್ಯಾಯದವರಿಗೆ ಹನ್ನೊಂದು. ಪ್ರತಿ ಪ್ರಶ್ನೆಯ ಕೊನೆಗೆ ‘ಗೊತ್ತಿಲ್ಲ’ ಎಂಬ ಒಂದು ಮನೆ. ಸುಮ್ಮನೆ ಊಹಿಸಿ ಗೀಚುವುದಕ್ಕಿಂತ ಅದನ್ನು ಗುರುತು ಹಾಕಿದವರು ತನಗೆ ಹೆಚ್ಚು ಉಪಕಾರ ಮಾಡಿದಂತೆ ಎಂದು ತರಗತಿಯಲ್ಲಿ ಹೇಳಿದರು.

ಅಂಕ ಇಲ್ಲ ಎಂದರು. ಮಕ್ಕಳು ನಂಬಲಿಲ್ಲ. ಅಂಕ ಇಲ್ಲದ ಮೇಲೆ ಯಾಕೆ ಬರೀಬೇಕು ಎಂದು ಮುಂದಿನ ಬೆಂಚು, ಅಂಕ ಇಲ್ಲ ಅಂತ ಮೊದಲೇ ಹೇಳಿದ್ದರೆ ಹೋದ ವರ್ಷದ್ದೂ ನೆಮ್ಮದಿಯಾಗಿ ಬರೀತಿದ್ವಿ ಎಂದು ಹಿಂದಿನ ಬೆಂಚು. ಈ ಸಲ ಹಿಂದಿನ ಎಂಟು ಮಕ್ಕಳಿಗೆ ಮಾತ್ರವಲ್ಲ, ಇಡೀ ತರಗತಿಗೆ ಕೊಟ್ಟರು. ಆ ಮುಂದಿನ ಬೆಂಚಿನ ಹುಡುಗನ ಎಂಟು ಅವರ ತಲೆಯಿಂದ ಇಳಿದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಟೀಚರುಗಳ ಕೋಣೆಯ ಉದ್ದ ಮೇಜಿನ ಮೇಲೆ ಹಾಳೆಗಳನ್ನು ಹರಡಿದರು. ಸರಿ ತಪ್ಪು ಎಂದು ವಿಂಗಡಿಸಲಿಲ್ಲ. ಅನುಪಾತದ ಎರಡೂ ಪ್ರಶ್ನೆಗೆ ಕೂಡಿದವರು ಒಂದು ಕಡೆ, ವರ್ಗಮೂಲಕ್ಕೆ ಅರ್ಧ ಮಾಡಿದವರು ಒಂದು ಕಡೆ, ತಿರುಗಿದ ತ್ರಿಭುಜದಲ್ಲಿ ವಿಕರ್ಣ ಕಳೆದುಕೊಂಡವರು ಇನ್ನೊಂದು ಕಡೆ. ನೋಡನೋಡುತ್ತಾ ಮೇಜು ಬೇರೆಯೇ ಆಯಿತು. ಅಂಕಗಳ ಸಾಲಿನಲ್ಲಿ ಮೇಲೆ ಕೆಳಗೆ ನಿಂತಿದ್ದ ಮಕ್ಕಳು ಇಲ್ಲಿ ಒಬ್ಬರ ಪಕ್ಕ ಒಬ್ಬರು ಬಂದು ಕೂತಿದ್ದರು. ಕೂಡಿದವರ ರಾಶಿಯೇ ಎಲ್ಲಕ್ಕಿಂತ ದಪ್ಪ. ಅದರಲ್ಲಿ ಗುಬ್ಬಿಯ ಹಾಳೆಯ ಮೇಲೆ ತರಗತಿಗೆ ಸದಾ ಎರಡನೆಯವಳಾಗಿ ಬರುವ ಹುಡುಗಿಯ ಹಾಳೆ ಇತ್ತು.

ಹಿರಿಯ ಮೇಷ್ಟ್ರು ಮನೆಗೆ ಹೊರಟವರು ಬಾಗಿಲಲ್ಲಿ ನಿಂತು, ಒಳಗೆ ಬಂದರು. ಟೀಚರು ಒಂದೊಂದು ರಾಶಿ ಏನೆಂದು ಹೇಳಿದರು. ಅವರು ಕೂಡಿದವರ ರಾಶಿ ಕೈಗೆತ್ತಿಕೊಂಡು ಹೆಸರುಗಳನ್ನು ಓದುತ್ತಾ ಹೋದರು. ಆ ಎರಡನೆಯವಳ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ನೋಡಿದರು.

‘ಇವಳು ತ್ರಿಕೋನಮಿತೀಲೂ ಅಂಕ ತಗೊಂಡುಬಿಡೋಳು, ಸೂತ್ರ ಬಾಯಿಪಾಠ ಮಾಡಿ’ ಎಂದರು, ತಮ್ಮಷ್ಟಕ್ಕೇ. ‘ನಾನು ನಿಮ್ಮ ಗುಬ್ಬಿಗೆ ಕೇಳಿದ ಪ್ರಶ್ನೇನ ಇವಳಿಗೆ ಯಾವತ್ತೂ ಕೇಳಲಿಲ್ಲ ನೋಡಿ. ಕೇಳೋ ಅಗತ್ಯ ಇದೆ ಅಂತ ಅನ್ನಿಸಲಿಲ್ಲ.’

‘ನಾನೂ ಕೇಳಿರಲಿಲ್ಲ ಸರ್. ನೀವು ಆ ನಾಲ್ಕು ಹತ್ತರ ತ್ರಿಭುಜ ಬರೆಸದಿದ್ರೆ ಈ ಪರೀಕ್ಷೆ ಹುಟ್ಟುತ್ತಲೇ ಇರಲಿಲ್ಲ.’

ಆಮೇಲೆ ಮೇಷ್ಟ್ರು, ಹುಡುಕಿದ್ದಾಯಿತು, ಆದರೆ ಸರಿಪಡಿಸಬಹುದು ಎಂದು ಇನ್ನೂ ತೋರಿಸಿಲ್ಲ ಎಂದು ನೆನಪಿಸಿದರು. ಕೂಡುವ ಅಭ್ಯಾಸ ಗಟ್ಟಿ ಅಭ್ಯಾಸ. ತಪ್ಪು ಎಂದು ಹೇಳಿದ ಮಾತ್ರಕ್ಕೆ ಹೋಗುವಂಥದ್ದಲ್ಲ. ಬೇರೆ ಸಂಖ್ಯೆ ಹಾಕಿ ಮತ್ತೆ ಕೇಳಿ, ಆಗ ನೋಡೋಣ ಎಂದರು. ಅದೂ ಸರಿಯೇ.

ಹೇಳಿದರೆ ಹೋಗುವುದಿಲ್ಲ ಎಂಬ ಮಾತು ಟೀಚರ ಮನಸ್ಸಿನಲ್ಲಿ ಉಳಿಯಿತು. ದಾರಿಯಲ್ಲಿ ಗಂಡನ ಅಂಗಡಿಗೆ ಹೋದಾಗ ಅವನು ಯಾರದೋ ನಕ್ಷೆಯೊಂದನ್ನು ದೊಡ್ಡದು ಮಾಡುತ್ತಿದ್ದ. ಟೀಚರು ನಿಂತು ನೋಡಿದರು. ಆಮೇಲೆ ಅಲ್ಲೇ ಕಾಗದ ಕೇಳಿ ಪಾದ ನಾಲ್ಕು ಸೆಂಟಿಮೀಟರ್, ಎತ್ತರ ಹತ್ತು ಇರುವ ತ್ರಿಭುಜ ಬರೆದು, ಇದನ್ನು ಒಂದೂವರೆಯಷ್ಟು ಮಾಡಿಕೊಡಿ ಎಂದರು. ಅವನು ನೂರೈವತ್ತು ಒತ್ತಿದ. ಹಾಳೆ ಬೆಚ್ಚಗೆ ಹೊರಗೆ ಬಂತು. ಟೀಚರು ಅಳತೆಪಟ್ಟಿ ಇಟ್ಟು ನೋಡಿದರು, ಮತ್ತೊಮ್ಮೆ ಇಟ್ಟು ನೋಡಿದರು. ‘ಮೆಷಿನ್ ಮೇಲೂ ಅನುಮಾನಾನಾ?’ ಎಂದ ಗಂಡ. ಅನುಮಾನವಲ್ಲ. ಎಷ್ಟೋ ವರ್ಷದಿಂದ ಗೊತ್ತಿದ್ದ ಸಂಗತಿ ಅಂದು ಅವರಿಗೆ ಹೊಸದಾಗಿ ಕಂಡಿತ್ತು.

ಮಾರನೆಯ ದಿನ ತರಗತಿಯಲ್ಲಿ ಕೂಡಿದವರ ಗುಂಪನ್ನು ಒಟ್ಟಿಗೆ ಕೂರಿಸಿದರು. ಎರಡನೆಯವಳು ಗುಬ್ಬಿಯ ಪಕ್ಕ ಕೂತಳು, ಮುಖ ಊದಿಸಿಕೊಂಡು. ಟೀಚರು ಯಾರಿಗೂ ತಪ್ಪೆನ್ನಲಿಲ್ಲ. ನಾಲ್ಕು ಹತ್ತರ ತ್ರಿಭುಜವನ್ನೂ ಆರು ಹನ್ನೆರಡರ ತ್ರಿಭುಜವನ್ನೂ ಅಳೆದು ಕತ್ತರಿಸಿ, ಪಾದದ ಚೂಪು ಮೂಲೆಗಳು ಕೂಡುವಂತೆ ಚಿಕ್ಕದನ್ನು ದೊಡ್ಡದರ ಮೇಲೆ ಇಡಿ ಎಂದರು. ಒಂದೇ ಆಕಾರವಾದರೆ ಚಿಕ್ಕದು ದೊಡ್ಡದರೊಳಗೆ ಅಚ್ಚುಕಟ್ಟಾಗಿ ಕೂರಬೇಕು.

ಕೂರಲಿಲ್ಲ. ಚಿಕ್ಕ ತ್ರಿಭುಜದ ತುದಿ ದೊಡ್ಡದರ ಓರೆ ಬದಿಯನ್ನು ದಾಟಿ ಹೊರಗೆ ಇಣುಕಿತು.

ಗುಬ್ಬಿ ತಾನು ಸರಿಯಾಗಿ ಕತ್ತರಿಸಿಲ್ಲವೆಂದು ಇನ್ನೊಂದು ಕತ್ತರಿಸಿದಳು. ಅದೂ ಇಣುಕಿತು. ಎರಡನೆಯವಳದ್ದೂ ಇಣುಕಿತು. ಆಗ ಟೀಚರು ಮೆಷಿನ್ನಿನಿಂದ ಬಂದ ತ್ರಿಭುಜವನ್ನು ಅವರ ಮುಂದಿಟ್ಟರು. ಚಿಕ್ಕದು ಅದರೊಳಗೆ ಕೂತಿತು, ಮೂಲೆಗೆ ಮೂಲೆ, ಗೆರೆಗೆ ಗೆರೆ. ಗುಬ್ಬಿ ಅಳೆದಳು. ಪಾದ ಆರು. ಎತ್ತರ ಹದಿನೈದು.

‘ಮೆಷಿನ್ ಭೇದ ಮಾಡಿದೆ ಮಿಸ್. ಇದಕ್ಕೆ ಎರಡು ಕೊಟ್ಟಿದೆ, ಅದಕ್ಕೆ ಐದು.’

ಟೀಚರು ಸುಮ್ಮನಿದ್ದರು. ಸುಮ್ಮನಿರುವುದು ಅವರಿಗೆ ಅಂದು ಬಹಳ ಕಷ್ಟವಾಯಿತು. ನಾಲಿಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಗುಬ್ಬಿ ತ್ರಿಭುಜವನ್ನು ಎತ್ತಿದಳು, ಇಟ್ಟಳು, ತಿರುಗಿಸಿದಳು. ಪಕ್ಕದವಳು ಊದಿದ ಮುಖ ಇಳಿಸಿ ಬಗ್ಗಿ ನೋಡಿದಳು.

‘ಇಲ್ಲ, ತಡೀರಿ’ ಎಂದಳು ಗುಬ್ಬಿ. ‘ನಾಕಕ್ಕೆ ಅದರ ಅರ್ಧ ಎರಡು ಕೊಟ್ಟಿದೆ. ಹತ್ತಕ್ಕೆ ಅದರ ಅರ್ಧ ಐದು. ಎಲ್ಲರಿಗೂ ಅವರವರದ್ದರ ಅರ್ಧ.’ ತ್ರಿಭುಜವನ್ನು ಕೆಳಗಿಟ್ಟು, ‘ಇದೂ ಭೇದ ಅಲ್ಲ. ಇದೇ ಸರಿ’ ಎಂದಳು.

ಪಕ್ಕದವಳು ಹತ್ತನ್ನು ನಾಲ್ಕರಿಂದ ಭಾಗಿಸಿದಳು, ಎರಡೂವರೆ. ಹದಿನೈದನ್ನು ಆರರಿಂದ ಭಾಗಿಸಿದಳು. ಅದೂ ಎರಡೂವರೆ. ಪುಸ್ತಕದಲ್ಲಿ ನೂರು ಸಲ ಮಾಡಿದ ಭಾಗಾಕಾರವೇ, ಆದರೆ ಈಗ ಅವಳು ತಲೆಯೆತ್ತಿ ಗುಬ್ಬಿಯನ್ನು ನೋಡಿದಳು. ಇಬ್ಬರೂ ಸೇರಿ ಪಾದ ಎಂಟಕ್ಕೆ ಇಪ್ಪತ್ತು ಬರೆದು ಕತ್ತರಿಸಿದರು, ಪಾದ ಎರಡಕ್ಕೆ ಐದು ಬರೆದು ಕತ್ತರಿಸಿದರು. ಎಲ್ಲವನ್ನೂ ಒಂದೇ ಮೂಲೆಗೆ ಜೋಡಿಸಿದರು. ಓರೆ ಬದಿಗಳೆಲ್ಲ ಒಂದೇ ಗೆರೆಯಾಗಿ ಮಲಗಿದವು.

ಗುಬ್ಬಿ ಆ ಮೂಲೆಯ ಮೇಲೆ ಬೆರಳಿಟ್ಟು ಕೇಳಿದಳು, ಬಹಳ ಮೆಲ್ಲಗೆ: ‘ಅಂದ್ರೆ ಈ ಮೂಲೆ ಹೀಗೇ ಇದ್ರೆ, ತ್ರಿಭುಜ ಎಷ್ಟೇ ದೊಡ್ಡದಾಗಲಿ, ಆಕಾಶದ ತನಕ ಹೋಗಲಿ, ಈ ಎರಡೂವರೆ ಬದಲಾಗಲ್ವಾ ಮಿಸ್?’

ತ್ರಿಕೋನಮಿತಿಯ ಪಾಠದ ಹೆಸರನ್ನೂ ಟೀಚರು ಇನ್ನೂ ಬೋರ್ಡಿನಲ್ಲಿ ಬರೆದಿರಲಿಲ್ಲ. ಆ ಎರಡೂವರೆಗೆ ಆ ಪಾಠದಲ್ಲಿ ಒಂದು ಹೆಸರಿದೆ ಎಂದು ಆ ಮಕ್ಕಳಿಗೆ ತಿಳಿಯದು. ಹೆಸರಿಗಿಂತ ಮೊದಲೇ ಸಂಗತಿ ಬಂದು ಬೆಂಚಿನ ಮೇಲೆ ಕೂತಿತ್ತು. ಬದಿಗಳು ಬೆಳೆಯುತ್ತವೆ, ಕುಗ್ಗುತ್ತವೆ, ಮೂಲೆ ಮಾತ್ರ ತನ್ನ ಮಾತಿಗೆ ತಪ್ಪುವುದಿಲ್ಲ. ಯಾರು ಹೀಗೆ ಇಟ್ಟರು ಇದನ್ನು ಎಂದು ಟೀಚರಿಗೆ ಅನ್ನಿಸಿತು. ‘ಬದಲಾಗಲ್ಲ’ ಎಂದಷ್ಟೇ ಹೇಳಿದರು. ಯಾಕೆ ಎಂದು ಕೇಳಲು ಅವರಿಗೂ ಮರೆತುಹೋಯಿತು.

ವಾರದ ಕೊನೆಗೆ ಮತ್ತೆ ಪರೀಕ್ಷೆ. ಅದೇ ಕೆಲಸಗಳು, ಬೇರೆ ಸಂಖ್ಯೆಗಳು. ಈ ಸಲ ಬೆಳೆಯುವ ತ್ರಿಭುಜದ ಜೊತೆ ಕುಗ್ಗುವುದನ್ನೂ ಇಟ್ಟಿದ್ದರು: ಹತ್ತು ಮತ್ತು ಹದಿನೈದು ಇದ್ದದ್ದು ಹತ್ತು ನಾಲ್ಕಾದರೆ ಹದಿನೈದು ಎಷ್ಟು? ಹಳೆಯ ನ್ಯಾಯದಂತೆ ಆರು ಕಳೆದರೆ ಒಂಬತ್ತು. ಹಾಳೆಗಳನ್ನು ಹಿರಿಯ ಮೇಷ್ಟ್ರೇ ತಿದ್ದುತ್ತೇನೆಂದರು. ಟೀಚರು ಪಕ್ಕದ ಕುರ್ಚಿಯಲ್ಲಿ ಕೂತು ಅವರ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು.

ಗುಬ್ಬಿಯ ಹಾಳೆ ಬಂತು. ವರ್ಗಮೂಲ ಎರಡೂ ಸರಿ. ವಿಕರ್ಣ ಸರಿ. ಅಜ್ಞಾತ ಕೆಳಗಿರುವ ಸಮೀಕರಣ ಒಂದು ಸರಿ, ಇನ್ನೊಂದಕ್ಕೆ ‘ಗೊತ್ತಿಲ್ಲ’. ಅನುಪಾತ ಬೆಳೆಯುವುದು ಸರಿ. ಕುಗ್ಗುವುದರ ಪಕ್ಕದಲ್ಲಿ ಅವಳು ಮೊದಲು ಒಂಬತ್ತಕ್ಕೆ ಗುರುತು ಹಾಕಿ, ಅದನ್ನು ಹೊಡೆದು, ಆರಕ್ಕೆ ಹಾಕಿದ್ದಳು. ಅಂಚಿನಲ್ಲಿ ಪುಟ್ಟದಾಗಿ ಬರೆದಿದ್ದಳು: ಒಂದೂವರೆ, ಒಂದೂವರೆ.

ಮೇಷ್ಟ್ರು ಆ ಹೊಡೆದ ಗುರುತನ್ನು ಬಹಳ ಹೊತ್ತು ನೋಡಿದರು. ಅಳಿಸಿ ಸರಿ ಬರೆದವರನ್ನು ಅವರು ತಮ್ಮ ಕೆಲಸದ ಉದ್ದಕ್ಕೂ ಅನುಮಾನದಿಂದ ನೋಡಿದವರು. ಇಂದು ಅವರ ಪೆನ್ನು ಅದರ ಮೇಲೆ ಸರಿ ಗುರುತು ಹಾಕಿತು, ಎಂದಿಗಿಂತ ಸ್ವಲ್ಪ ದೊಡ್ಡದಾಗಿ.

‘ಉಳೀಲಿ’ ಎಂದರು. ಇನ್ನೂ ಐವರ ಹಾಳೆಗೂ ಅದೇ ಮಾತು ಬಂತು. ಎಂಟರಲ್ಲಿ ಉಳಿದ ಇಬ್ಬರಿಗೆ ಭಿನ್ನರಾಶಿಯಿಂದಲೇ ಶುರು ಮಾಡಬೇಕಿತ್ತು, ಅದಕ್ಕೆ ಒಂದು ವಾರ ಸಾಲುವುದಿಲ್ಲ ಎಂದು ಟೀಚರು ತಾವಾಗಿಯೇ ಹೇಳಿದರು. ಅವರ ತೀರ್ಮಾನ ವರ್ಷದ ಕೊನೆಗೆ ಮಾಡೋಣ, ಅಲ್ಲಿಯವರೆಗೆ ಬೆಳಗಿನ ಗಂಟೆಗೆ ಮುಂಚೆ ನಾನು ಆ ಇಬ್ಬರನ್ನು ಕೂರಿಸಿಕೊಳ್ಳುತ್ತೇನೆ ಎಂದರು ಮೇಷ್ಟ್ರು. ಎದ್ದು ಹೋಗುತ್ತಾ, ಈ ಪ್ರಶ್ನೆಗಳನ್ನು ತಮ್ಮ ತರಗತಿಗೂ ಕೊಡಬೇಕು, ಆದರೆ ಅಂಕ ಇಲ್ಲ ಎಂದು ಹೇಳಿದರೆ ನನ್ನ ಮಕ್ಕಳು ನನಗೆ ಹುಷಾರಿಲ್ಲ ಎಂದುಕೊಳ್ಳುತ್ತಾರೆ ಎಂದರು.

ಟೀಚರು ಫೋನು ಮಾಡಿದಾಗ ಗುಬ್ಬಿಯ ತಾಯಿ ಎತ್ತರದಲ್ಲಿದ್ದಳು, ಗಾಳಿಯ ಸದ್ದು ಕೇಳುತ್ತಿತ್ತು. ಏನು ಬರುತ್ತಿರಲಿಲ್ಲ ಎಂದು ಟೀಚರು ಹೇಳಿದರು. ಒಂದೊಂದಾಗಿ, ವಿವರವಾಗಿ. ಏನು ಬಂತು ಎಂದೂ ಹೇಳಿದರು. ಆಮೇಲೆ ತಾಯಿ ಕೇಳಿದಳು: ‘ಅಷ್ಟೆಲ್ಲ ಅವಳ ತಲೇಲಿ ಇತ್ತಾ ಟೀಚರ್?’

‘ಇತ್ತಮ್ಮ’ ಎಂದರು ಟೀಚರು.

ಸೋಮವಾರ ಮೊದಲನೆಯ ಗಂಟೆಗೆ ಅವರು ತರಗತಿಗೆ ಹೋದರು. ಮಕ್ಕಳೆಲ್ಲ ಎದ್ದು ನಿಂತು ಕೂತರು. ಗುಬ್ಬಿ ಹಿಂದಿನ ಬೆಂಚಿನಲ್ಲಿ ತನ್ನ ಜಾಗದಲ್ಲೇ ಇದ್ದಳು. ಟೀಚರು ಸೀಮೆಸುಣ್ಣ ಕೈಗೆತ್ತಿಕೊಂಡರೂ ಕೂಡಲೇ ಬೋರ್ಡಿನ ಕಡೆ ತಿರುಗಲಿಲ್ಲ. ಎದುರಿಗಿದ್ದ ಒಂದೊಂದು ಮುಖವನ್ನೂ ನೋಡಿದರು. ಪ್ರತಿ ಹಣೆಯ ಹಿಂದೆಯೂ ಯಾರೋ ಕೂತು, ತನಗೆ ತೋಚಿದ ನ್ಯಾಯದಂತೆ, ಸದ್ದಿಲ್ಲದೆ ಲೆಕ್ಕ ಮಾಡುತ್ತಿದ್ದರು. ಆ ಕೋಣೆಗೆ ಅಷ್ಟು ವರ್ಷ ಚಪ್ಪಲಿ ಸದ್ದು ಮಾಡಿಕೊಂಡು ಬಂದಿದ್ದ ಅವರಿಗೆ ಅಂದು ಮೆಲ್ಲಗೆ ನಡೆಯಬೇಕೆನ್ನಿಸಿತು.